ಮಣ್ಣು ಮತ್ತು ಬೆಳೆಯ ಹಂತಗಳು: ಹಿಂಗಾರಿ ಜೋಳದ ಕರಪತ್ರಕ್ಕೆ ಪದಸೂಚಿ

ಪುಣೆ ಜಿಲ್ಲೆಯಲ್ಲಿ ಹಿಂಗಾರಿ ಜೋಳ ಬೆಳೆಯುವ ಕನ್ನಡಿಗ ರೈತರಿಗೆ ಮಣ್ಣು ಪರೀಕ್ಷೆಯ ವರದಿ ಇಂಗ್ಲಿಷಿನಲ್ಲಿ ಬಂದಾಗ ಈ ಸೂಚಿ ನೆರವಾಗಲಿ.

ವರದಿಯಲ್ಲಿ ಬ್ಲ್ಯಾಕ್ ಕಾಟನ್ ಸಾಯಿಲ್ ಎಂದಿದ್ದರೆ ಅದು ನಮ್ಮ ಎರೆಮಣ್ಣು. ತೇವ ಹಿಡಿದಿಟ್ಟುಕೊಂಡು, ಒಣಗಿದಾಗ ಬಿರುಕು ಬಿಡುವ ಈ ನೆಲವೇ ಹಿಂಗಾರಿ ಜೋಳಕ್ಕೆ ಒಪ್ಪುವಂಥದು. ಲ್ಯಾಟರೈಟ್ ಎಂದರೆ ಜಂಬಿಟ್ಟಿಗೆ ಮಣ್ಣು, ಲೋಮ್ ಎಂದರೆ ಗೋಡುಮಣ್ಣು, ಸಲೈನ್ ಎಂದರೆ ಸವಳು.

ಬೆಳೆಯ ಹಂತಗಳಲ್ಲಿ ಜರ್ಮಿನೇಶನ್ ಮೊಳಕೆಯೊಡೆಯುವುದು. ತೆನೆ ಇನ್ನೂ ಮೇಲಿನ ಎಲೆಯ ಕವಚದೊಳಗೇ ಉಬ್ಬಿಕೊಂಡಿರುವ ಬೂಟಿಂಗ್ ಹಂತವನ್ನು ನಾವು ಹೊಡೆ ಎನ್ನುತ್ತೇವೆ. ನೀರಿದ್ದವರು ಆಗ ಮತ್ತು ಹೂವಾಡುವಾಗ, ಅಂದರೆ ಫ್ಲವರಿಂಗ್‌ನಲ್ಲಿ, ತಪ್ಪದೆ ಹಾಯಿಸಬೇಕು. ಕಾಳನ್ನು ಹಿಚುಕಿದರೆ ಬಿಳಿ ರಸ ಚಿಮ್ಮುವ ಮಿಲ್ಕ್ ಸ್ಟೇಜ್ ಹಾಲುಗಾಳು. ಅದರ ನಂತರದ ಸಾಫ್ಟ್ ಡೋ ಹಂತದ ತೆನೆಯನ್ನೇ ಸುಟ್ಟು ನಾವು ಸೀತನಿ ತಿನ್ನುವುದು, ಇಲ್ಲಿಯವರು ಹುರ್ಡಾ ಎನ್ನುವುದು.