ಅಕ್ಕನಿಗೆ, ಮದುವೆಯ ಪಟ್ಟಿಯ ಬಗ್ಗೆ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನೀನು ಕಳಿಸಿದ ಹದಿನಾಲ್ಕು ಮನೆಗಳ ಪಟ್ಟಿಯನ್ನು ನಿನ್ನೆ ರಾತ್ರಿ ನಾನೂ ಇವಳೂ ಕುಳಿತು ನೋಡಿದೆವು. ಮಗಳನ್ನು ಎತ್ತಿ ಆಡಿಸಿದವಳು ನೀನು. ನಿನ್ನವರೆಲ್ಲ ಅವಳ ಮದುವೆಗೆ ಬರಲಿ ಎಂಬ ಆಸೆ ಸಹಜವೇ.

ಆದರೆ ಪತ್ರಿಕೆಗಳು ಅಚ್ಚಾಗಿ ಬಂದಿವೆ. ಮೊದಲನೆಯದನ್ನು ದೇವರ ಮುಂದಿಟ್ಟು, ಉಳಿದವಕ್ಕೆ ಅರಿಸಿನ ಕುಂಕುಮ ಹಚ್ಚಿ ಹಂಚಲು ಶುರುಮಾಡಿದ್ದೇವೆ. ಛತ್ರದ ಊಟದ ಮನೆಯಲ್ಲಿ ಒಂದು ಪಂಕ್ತಿಗೆ 120 ಎಲೆ ಮಾತ್ರ. ಮೂರು ಪಂಕ್ತಿ ಎಂದು ಅಡುಗೆ ಭಟ್ಟರಿಗೆ ಹೇಳಿ ಮುಂಗಡವನ್ನೂ ಕೊಟ್ಟಾಗಿದೆ. ಬೀಗರು ನಮ್ಮ ಮಾತಿಗೆ ಒಪ್ಪಿ ತಮ್ಮ ಪಟ್ಟಿಯನ್ನು ಮೊಟಕು ಮಾಡಿಕೊಂಡಿದ್ದಾರೆ. ಈಗ ನಮ್ಮ ಕಡೆ ಹೆಚ್ಚಿಸಿದರೆ ಅವರಿಗೆ ಮುಖ ತೋರಿಸುವುದು ಹೇಗೆ? ಕರೆದವರನ್ನು ಎಲೆಗಾಗಿ ಕಾಯಿಸುವುದನ್ನು ನೀನೂ ಸಹಿಸುವವಳಲ್ಲ. ಆದ್ದರಿಂದ ಪಟ್ಟಿಗೆ ಇನ್ನು ಹೆಸರು ಸೇರಿಸಲಾರೆ, ಅಕ್ಕ.

ಒಂದು ಮನೆಯ ಮಾತು ಬೇರೆ. ನಿನ್ನ ಮಂಡಿಯ ಆಪರೇಷನ್ ಆದಾಗ ದಿನವೂ ಕ್ಯಾರಿಯರ್‌ನಲ್ಲಿ ಬಿಸಿ ಅನ್ನ, ತಿಳಿಸಾರು ತಂದುಕೊಟ್ಟ ಎದುರುಮನೆಯ ದಂಪತಿಯನ್ನು ಬಿಡುವುದುಂಟೇ? ಭಾನುವಾರ ನಾವಿಬ್ಬರೂ ಬಂದು ಅವರನ್ನು ಕರೆಯುತ್ತೇವೆ. ಉಳಿದವರನ್ನು ಮದುವೆಯ ಮರುವಾರ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಕರೆದುಕೊಂಡು ಬಾ. ಹೊಸ ದಂಪತಿ ಅಲ್ಲಿರುತ್ತಾರೆ, ಅವಸರವಿಲ್ಲದೆ ಮಾತನಾಡಿಸಬಹುದು. ಅವರಿಗೆಲ್ಲ ನಾನೇ ಫೋನ್ ಮಾಡಿ ಹೇಳುತ್ತೇನೆ; ಆ ಮುಜುಗರ ನಿನಗೆ ಬೇಡ.

ನೀನೂ ಭಾವನವರೂ ಚಪ್ಪರದ ದಿನಕ್ಕೇ ಬಂದುಬಿಡಿ. ವರನಿಗೆ ಮೊದಲ ಆರತಿ ಎತ್ತಬೇಕಾದವಳು ನೀನೇ.

ಇಂತಿ,
ನಿನ್ನ ತಮ್ಮ