ಶನಿವಾರ ರಾತ್ರಿ 11ರಿಂದ ಭಾನುವಾರ ಬೆಳಗ್ಗೆ 5ರವರೆಗೆ ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆ ಸ್ಥಗಿತ: ಸಿಬ್ಬಂದಿಗೆ ಸೂಚನೆ

ದಿನಾಂಕ: 13 ಜುಲೈ 2026, ಸೋಮವಾರ
ಇವರಿಂದ: ಮಾಹಿತಿ ತಂತ್ರಜ್ಞಾನ ವಿಭಾಗ
ಇವರಿಗೆ: ಜಯನಗರ, ರಾಜಾಜಿನಗರ ಮತ್ತು ಯಲಹಂಕ ಘಟಕಗಳ ವೈದ್ಯರು, ಶುಶ್ರೂಷಕರು, ಪ್ರಯೋಗಾಲಯ, ಔಷಧಾಲಯ, ನೋಂದಣಿ ಹಾಗೂ ಬಿಲ್ಲಿಂಗ್ ಸಿಬ್ಬಂದಿ

ಮಾನ್ಯರೇ,

ಇದೇ ಶನಿವಾರ, 18 ಜುಲೈ, ರಾತ್ರಿ 11:00ರಿಂದ ಭಾನುವಾರ, 19 ಜುಲೈ, ಬೆಳಗ್ಗೆ 5:00ರವರೆಗೆ ನಮ್ಮ ಮೂರೂ ಘಟಕಗಳಲ್ಲಿ ರೋಗಿಗಳ ನೋಂದಣಿ, ಔಷಧ ಸೂಚನೆ, ಪ್ರಯೋಗಾಲಯದ ವರದಿ ಮತ್ತು ಬಿಲ್ಲಿಂಗ್ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಒಟ್ಟು ಆರು ಗಂಟೆ. ಚಿಕಿತ್ಸೆ ಎಲ್ಲಿಯೂ ನಿಲ್ಲುವುದಿಲ್ಲ. ತುರ್ತು ಚಿಕಿತ್ಸಾ ವಿಭಾಗ ಎಂದಿನಂತೆ ತೆರೆದಿರುತ್ತದೆ. ಆ ಆರು ಗಂಟೆಗಳ ಕಾಲ ನಾವು ಕಾಗದದ ಮೇಲೆ ಕೆಲಸ ಮಾಡುತ್ತೇವೆ.

ಇದು ವಿದ್ಯುತ್ ಕಡಿತವಲ್ಲ. ವೆಂಟಿಲೇಟರ್, ಆಮ್ಲಜನಕದ ಪೂರೈಕೆ, ಇನ್‌ಫ್ಯೂಷನ್ ಪಂಪ್, ಲಿಫ್ಟ್ ಇವುಗಳಿಗೂ ಈ ಕೆಲಸಕ್ಕೂ ಸಂಬಂಧವಿಲ್ಲ. ರೋಗಿಗಳ ಕಡೆಯವರು ಗಾಬರಿಯಿಂದ ಕೇಳಿದರೆ ದಯವಿಟ್ಟು ಇದನ್ನೇ ಹೇಳಿ.

ಈಗಿನ ಸರ್ವರ್ ವಿಂಡೋಸ್ ಸರ್ವರ್ 2016ರ ಮೇಲೆ ನಡೆಯುತ್ತಿದೆ. ಅದಕ್ಕೆ ಬರುವ ಭದ್ರತಾ ತಿದ್ದುಪಡಿಗಳು 12 ಜನವರಿ 2027ಕ್ಕೆ ಕೊನೆಗೊಳ್ಳುತ್ತವೆ. ರೋಗಿಗಳ ದಾಖಲೆಗಳನ್ನು ಕೊನೆಯ ವಾರದವರೆಗೆ ಅಲ್ಲಿಯೇ ಬಿಟ್ಟು, ಆಮೇಲೆ ಅವಸರದಲ್ಲಿ ಸಾಗಿಸುವುದು ನನಗೆ ಒಪ್ಪಿಗೆಯಿಲ್ಲ. ಭಾನುವಾರ ಹೊರರೋಗಿ ವಿಭಾಗಕ್ಕೆ ರಜೆ ಇರುವುದರಿಂದ, ಅವುಗಳನ್ನು ಹೊಸ ಸರ್ವರ್‌ಗೆ ಸಾಗಿಸಲು ಈ ರಾತ್ರಿಯನ್ನು ಆರಿಸಿದ್ದೇವೆ.

ಸಮಯಗಳು ಹೀಗಿವೆ:

ಶನಿವಾರ ರಾತ್ರಿ 9:30 – ಬಿಡುಗಡೆಯಾಗುವ ರೋಗಿಗಳ ಬಿಲ್ ಮುಗಿಸಲು ಕೊನೆಯ ಸಮಯ
ರಾತ್ರಿ 10:15 – ಪ್ರತಿ ವಾರ್ಡ್‌ನಲ್ಲಿ ಔಷಧ ಚಾರ್ಟ್‌ಗಳ ಮುದ್ರಣ
ರಾತ್ರಿ 10:50 – ತೆರೆದಿರುವ ಟಿಪ್ಪಣಿಗಳನ್ನು ಉಳಿಸಿ ಹೊರಬನ್ನಿ
ರಾತ್ರಿ 11:00 – ವ್ಯವಸ್ಥೆ ಸ್ಥಗಿತ
ಮಧ್ಯರಾತ್ರಿ ಕಳೆದು 12:30ರಿಂದ 12:50 – ಜಯನಗರ ಘಟಕದಲ್ಲಿ ಮಾತ್ರ ನೆಟ್‌ವರ್ಕ್, ಇಂಟರ್‌ನೆಟ್, ಇಂಟರ್‌ಕಾಮ್ ಎಲ್ಲವೂ ಸ್ಥಗಿತ
ಭಾನುವಾರ ಬೆಳಗಿನ ಜಾವ 3:30 – ಹೊಸ ಸರ್ವರ್‌ನಲ್ಲಿ ಮುಂದುವರಿಯುವುದೋ ಹಳೆಯದಕ್ಕೆ ಮರಳುವುದೋ ಎಂಬ ತೀರ್ಮಾನ
ಬೆಳಗ್ಗೆ 5:00 – ವ್ಯವಸ್ಥೆ ಮತ್ತೆ ಲಭ್ಯ

11 ಗಂಟೆಗೆ ಉಳಿಸದೆ ಬಿಟ್ಟ ಟಿಪ್ಪಣಿ ಮತ್ತೆ ಸಿಗುವುದಿಲ್ಲ. 3:30ಕ್ಕೆ ಹೊಸ ಸರ್ವರ್ ನಮಗೆ ಪೂರ್ಣ ನಂಬಿಕೆ ಹುಟ್ಟಿಸದಿದ್ದರೆ ಹಳೆಯದನ್ನೇ ಚಾಲೂ ಮಾಡುತ್ತೇವೆ. ಹೇಗಾದರೂ 5 ಗಂಟೆಯ ಮಾತು ಬದಲಾಗದು.

ಆ ಇಪ್ಪತ್ತು ನಿಮಿಷಗಳ ಬಗ್ಗೆ ಜಯನಗರದ ಐಸಿಯು ಶುಶ್ರೂಷಕರಿಗೆ ವಿಶೇಷವಾಗಿ ಹೇಳಬೇಕಿದೆ. 12:30ರಿಂದ 12:50ರವರೆಗೆ ನರ್ಸಿಂಗ್ ಸ್ಟೇಷನ್‌ನ ಕೇಂದ್ರ ಪರದೆಯಲ್ಲಿ ಯಾವ ರೋಗಿಯ ಅಲೆಗಳೂ ಕಾಣಿಸುವುದಿಲ್ಲ. ಹಾಸಿಗೆಯ ಪಕ್ಕದ ಮಾನಿಟರ್‌ಗಳು ಮತ್ತು ಅವುಗಳ ಎಚ್ಚರಿಕೆಯ ಸದ್ದು ಎಂದಿನಂತೆ ಕೆಲಸ ಮಾಡುತ್ತವೆ, ಆದರೆ ಆ ಸದ್ದು ಕೇಳಿಸಬೇಕಾದರೆ ನೀವು ಹಾಸಿಗೆಯ ಬಳಿ ಇರಬೇಕು. ಆ ಹೊತ್ತಿನಲ್ಲಿ ಯಾರೂ ವಿರಾಮಕ್ಕೆ ಹೋಗದಂತೆ ಶುಶ್ರೂಷಾ ಅಧೀಕ್ಷಕರು ಪಾಳಿ ಹಾಕಿದ್ದಾರೆ, ಇಬ್ಬರು ಹೆಚ್ಚುವರಿ ಶುಶ್ರೂಷಕರನ್ನೂ ಕೊಟ್ಟಿದ್ದಾರೆ. ಇಂಟರ್‌ಕಾಮ್ ಬದಲು ಮೊಬೈಲ್ ಬಳಸಿ. ಕೋಡ್ ಬ್ಲೂ ಘೋಷಿಸುವ ಧ್ವನಿವರ್ಧಕಕ್ಕೆ ಪ್ರತ್ಯೇಕ ತಂತಿ ಇರುವುದರಿಂದ ಅದಕ್ಕೆ ತೊಂದರೆಯಿಲ್ಲ. ಕಳೆದ ವಾರ ನೆಟ್‌ವರ್ಕ್ ಕಳಚಿ ನಾವೇ ಪರೀಕ್ಷಿಸಿದ್ದೇವೆ.

ಈಗ ಕಾಗದದ ಕೆಲಸ. ಹಿಂದೊಮ್ಮೆ ವ್ಯವಸ್ಥೆ ಹಠಾತ್ತನೆ ನಿಂತಾಗ ಒಂದೇ ಹೆಸರಿನ ಇಬ್ಬರ ರಕ್ತದ ಮಾದರಿಗಳು ಅದಲುಬದಲಾಗಿದ್ದವು. ವರದಿ ಕೈಸೇರುವ ಮೊದಲೇ ಪ್ರಯೋಗಾಲಯದ ತಂತ್ರಜ್ಞರೊಬ್ಬರು ಅನುಮಾನಿಸಿ ತಡೆದದ್ದರಿಂದ ಯಾರಿಗೂ ಹಾನಿಯಾಗಲಿಲ್ಲ. ಆ ರಾತ್ರಿ ನಾನು ಕರ್ತವ್ಯದಲ್ಲಿದ್ದೆ, ಇನ್ನೂ ಮರೆತಿಲ್ಲ. ಈ ಸಲದ ಏರ್ಪಾಡು ಮುಖ್ಯವಾಗಿ ಅಂಥದ್ದು ಮರುಕಳಿಸದಿರಲೆಂದೇ.

ಹೊಸದಾಗಿ ಬರುವ ರೋಗಿಗೆ ತಾತ್ಕಾಲಿಕ ಸಂಖ್ಯೆಯ ಚೀಟಿ ಕೊಡಬೇಕು. ಜಯನಗರದ ಸಂಖ್ಯೆಗಳು ಜ-101ರಿಂದ, ರಾಜಾಜಿನಗರದವು ರಾ-101ರಿಂದ, ಯಲಹಂಕದವು ಯ-101ರಿಂದ ಶುರುವಾಗುತ್ತವೆ. ಚೀಟಿಗೆ ಮೂರು ಭಾಗಗಳಿವೆ: ಒಂದು ಮಣಿಕಟ್ಟಿಗೆ, ಒಂದು ಕಡತಕ್ಕೆ, ಒಂದು ಕೌಂಟರಿನಲ್ಲಿ ಉಳಿಯಲಿಕ್ಕೆ. ಬಾರ್‌ಕೋಡ್ ಮುದ್ರಣ ಇರುವುದಿಲ್ಲವಾದ್ದರಿಂದ ಮಾದರಿಯ ಕೊಳವೆಗಳ ಮೇಲೆ ರೋಗಿಯ ಪೂರ್ಣ ಹೆಸರು, ಸಂಖ್ಯೆ ಮತ್ತು ಸಮಯವನ್ನು ಕೈಯಲ್ಲಿ ಬರೆಯಿರಿ. ರಕ್ತ ತೆಗೆದ ಮೇಲೆ, ಹಾಸಿಗೆಯ ಬಳಿಯೇ ನಿಂತು, ಹೆಸರನ್ನು ರೋಗಿಯ ಬಾಯಿಂದ ಹೇಳಿಸಿ ಬರೆಯಿರಿ. ಹಾಸಿಗೆ ಸಂಖ್ಯೆಯನ್ನು ಗುರುತಾಗಿ ಬಳಸಲೇಬೇಡಿ. ರೋಗಿ ಹಾಸಿಗೆ ಬದಲಿಸುತ್ತಾರೆ.

ವೈದ್ಯರ ಗಮನಕ್ಕೆ: ಅಲರ್ಜಿ ಇರುವ ಔಷಧವನ್ನು ಬರೆದರೆ ಪರದೆಯ ಮೇಲೆ ಕೆಂಪು ಎಚ್ಚರಿಕೆ ಬರುವುದು ನಮಗೆಲ್ಲ ಅಭ್ಯಾಸವಾಗಿದೆ. ಕಾಗದ ಎಚ್ಚರಿಸುವುದಿಲ್ಲ. ಆದ್ದರಿಂದ ಔಷಧ ಬರೆಯುವ ಮುನ್ನ ಪ್ರತಿ ಸಲವೂ ಕೇಳಿ, ಚಾರ್ಟ್‌ನ ನೆತ್ತಿಯಲ್ಲಿ ಕೆಂಪು ಶಾಯಿಯಿಂದ ನಮೂದಿಸಿ. ಅಲರ್ಜಿ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ, ಖಾಲಿ ಬಿಡಬೇಡಿ. ಒಳರೋಗಿಗಳ ಹಳೆಯ ವಿವರ ಬೇಕಾದರೆ ಪ್ರತಿ ನರ್ಸಿಂಗ್ ಸ್ಟೇಷನ್‌ನಲ್ಲಿ ನೀಲಿ ಪಟ್ಟಿ ಅಂಟಿಸಿದ ಲ್ಯಾಪ್‌ಟಾಪ್ ಇರುತ್ತದೆ. ಅದರಲ್ಲಿ ರಾತ್ರಿ 10:45ರವರೆಗಿನ ರೋಗಿಗಳ ಪಟ್ಟಿ, ಅಲರ್ಜಿ, ಇತ್ತೀಚಿನ ವರದಿಗಳು ಓದಲಿಕ್ಕೆ ಮಾತ್ರ ಸಿಗುತ್ತವೆ. ನೆಟ್‌ವರ್ಕ್ ಇಲ್ಲದೆಯೂ ಅದು ಕೆಲಸ ಮಾಡುತ್ತದೆ.

ಪ್ರಯೋಗಾಲಯದ ಯಂತ್ರಗಳು ಎಂದಿನಂತೆ ನಡೆಯುತ್ತವೆ, ವರದಿಯನ್ನು ಯಂತ್ರದಿಂದಲೇ ಮುದ್ರಿಸಿ ವಾರ್ಡ್‌ಗೆ ಕಳುಹಿಸಲಾಗುತ್ತದೆ. ಅಪಾಯಕಾರಿ ಮಟ್ಟದ ಫಲಿತಾಂಶವನ್ನು ಫೋನಿನಲ್ಲಿ ಹೇಳುವಾಗ, ಕೇಳಿದವರು ಬರೆದುಕೊಂಡು ಮರಳಿ ಓದಿ ಹೇಳಬೇಕು. ಎಕ್ಸ್‌ರೇ ಮತ್ತು ಸಿಟಿ ಚಿತ್ರಗಳನ್ನು ವಿಕಿರಣ ವಿಭಾಗದ ಯಂತ್ರದಲ್ಲಿಯೇ ನೋಡಬೇಕಾಗುತ್ತದೆ.

ಔಷಧಾಲಯದವರು ಕೈಬಿಲ್‌ನಲ್ಲಿ ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ಬರೆಯಲಿ. ಶೆಡ್ಯೂಲ್ ಎಚ್1 ಔಷಧಗಳ ರಿಜಿಸ್ಟರ್ ಎಂದಿನಂತೆ ಮುಂದುವರಿಯುತ್ತದೆ. ಹಣ ಪಾವತಿಗೆ ಕೌಂಟರಿನ ಯುಪಿಐ ಕ್ಯೂಆರ್ ಫಲಕ ಮತ್ತು ಸಿಮ್ ಇರುವ ಕಾರ್ಡ್ ಯಂತ್ರಗಳನ್ನು ಬಳಸಬಹುದು. ರಸೀದಿ ಪುಸ್ತಕಗಳನ್ನು ಶುಕ್ರವಾರ ಕೊಡುತ್ತೇವೆ.

ಒಂದು ಮಾತನ್ನು ಆಡಳಿತದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಆ ರಾತ್ರಿ ಯಾರಾದರೂ ತೀರಿಕೊಂಡರೆ, ಬಿಲ್ ಸಿದ್ಧವಾಗಿಲ್ಲವೆಂಬ ಕಾರಣಕ್ಕೆ ಕುಟುಂಬದವರನ್ನು ಕಾಯಿಸಬೇಡಿ. ವಿಳಾಸ, ಫೋನ್ ಸಂಖ್ಯೆ ಪಡೆದು ಕಳುಹಿಸಿಕೊಡಿ. ಲೆಕ್ಕ ಆಮೇಲೆ ಆಗುತ್ತದೆ.

ಬೆಳಗ್ಗೆ 5ರ ನಂತರ ಕಾಗದದ ವಿವರಗಳನ್ನು ವ್ಯವಸ್ಥೆಗೆ ಏರಿಸುವ ಹೊರೆ ರಾತ್ರಿ ಪಾಳಿಯವರ ಮೇಲೆ ಬೀಳುವುದಿಲ್ಲ. ಇದಕ್ಕಾಗಿ ಪ್ರತಿ ಘಟಕಕ್ಕೆ ಇಬ್ಬರು 5:15ಕ್ಕೆ ಬರುತ್ತಾರೆ. ಭಾನುವಾರ ಮೆಟ್ರೊ ತಡವಾಗಿ ಶುರುವಾಗುವ ಕಾರಣ ಅವರಿಗೆ ವಾಹನ ಗೊತ್ತುಮಾಡಿದೆ. ಮೊದಲು ನೋಂದಣಿ, ನಂತರ ಕೊಟ್ಟ ಔಷಧಗಳು, ಕೊನೆಗೆ ಬಿಲ್. ಔಷಧಗಳು ಏರಿದ ಮೇಲೆ ವಾರ್ಡ್‌ನ ಶುಶ್ರೂಷಕರು ಚಾರ್ಟ್ ಜೊತೆ ಹೋಲಿಸಿ ಸಹಿ ಹಾಕುವವರೆಗೆ ಕಾಗದದ ಚಾರ್ಟ್ ಅನ್ನೇ ಅಂತಿಮವೆಂದು ತಿಳಿಯಿರಿ. ಯಾವ ಚೀಟಿಯನ್ನೂ ಎಸೆಯಬೇಡಿ.

ರಾತ್ರಿಯಿಡೀ ಪ್ರತಿ ಘಟಕದ ತುರ್ತು ಚಿಕಿತ್ಸಾ ವಿಭಾಗದ ಬಾಗಿಲ ಬಳಿ ನಮ್ಮ ಒಬ್ಬರು ಕುಳಿತಿರುತ್ತಾರೆ. ಜಯನಗರದಲ್ಲಿ ನಾನೇ ಇರುತ್ತೇನೆ. ಸಹಾಯಕ್ಕೆ ಇಂಟರ್‌ಕಾಮ್ 4455. ಕರ್ತವ್ಯದ ಮೊಬೈಲ್ ಸಂಖ್ಯೆಯ ಹಳದಿ ಚೀಟಿಯನ್ನು ಪ್ರತಿ ನರ್ಸಿಂಗ್ ಸ್ಟೇಷನ್‌ನ ಫೋನಿಗೆ ಅಂಟಿಸುತ್ತೇವೆ.

ಶುಕ್ರವಾರ, 17 ಜುಲೈ, ಸಂಜೆ 4:00ಕ್ಕೆ ಮೂರೂ ಘಟಕಗಳ ಸಭಾಂಗಣಗಳಲ್ಲಿ ಚೀಟಿ ಮತ್ತು ಚಾರ್ಟ್ ತುಂಬುವ ಅರ್ಧ ಗಂಟೆಯ ಅಭ್ಯಾಸವಿದೆ. ಶನಿವಾರ ರಾತ್ರಿ ಪಾಳಿಯ ಎಲ್ಲರೂ ಬರಬೇಕು. ಆ ರಾತ್ರಿಗೆ ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆ ಅಥವಾ ಬೇರೆ ಆಸ್ಪತ್ರೆಯಿಂದ ರೋಗಿಯ ವರ್ಗಾವಣೆ ಇದ್ದರೆ ಗುರುವಾರ ಸಂಜೆ 5:00ರ ಒಳಗೆ ತಿಳಿಸಿ. ಅಗತ್ಯವಿದ್ದರೆ ದಿನಾಂಕವನ್ನೇ ಮುಂದೂಡುತ್ತೇವೆ.

ಮುಖ್ಯಸ್ಥರು,
ಮಾಹಿತಿ ತಂತ್ರಜ್ಞಾನ ವಿಭಾಗ, ಜಯನಗರ, ಬೆಂಗಳೂರು