ಮನೆ ಸಾಮಾನುಗಳ ವಿಮಾ ಮೊತ್ತ ಹೆಚ್ಚಿಸುವಂತೆ ಕೋರಿ ಪತ್ರ

ಗೆ,
ಶಾಖಾ ವ್ಯವಸ್ಥಾಪಕರು,
ಗೃಹವಿಮಾ ವಿಭಾಗ

ವಿಷಯ: ಮನೆ ಸಾಮಾನುಗಳ ವಿಮಾ ಮೊತ್ತವನ್ನು 6 ಲಕ್ಷದಿಂದ 11 ಲಕ್ಷ ರೂಪಾಯಿಗೆ ಏರಿಸುವ ಬಗ್ಗೆ

ಮಾನ್ಯರೇ,

ನಮ್ಮ ಮನೆಯ ನವೀಕರಣ ಕಳೆದ ತಿಂಗಳು ಮುಗಿಯಿತು. ಅದರ ಜೊತೆಗೇ ಎರಡು ಬಾಗಿಲಿನ ಫ್ರಿಜ್, ಡಿಶ್‌ವಾಶರ್, ಎರಡು ಇನ್ವರ್ಟರ್ ಎಸಿ ಹಾಗೂ 65 ಇಂಚಿನ ಟಿವಿ ಕೊಂಡಿದ್ದೇವೆ. ಒಟ್ಟು 5,20,000 ರೂಪಾಯಿ. ಹಳೆಯ ಫ್ರಿಜ್ ತಂಗಿಯ ಮನೆ ಸೇರಿದೆ. ಅದರ 20,000 ರೂಪಾಯಿಯನ್ನು ಪಟ್ಟಿಯಿಂದ ಕಳೆಯಿರಿ.

ಈಗಿನ ಮೊತ್ತವೇ ಮುಂದುವರಿದರೆ, ಸಣ್ಣ ನಷ್ಟಕ್ಕೂ ಕಡಿಮೆ ವಿಮೆಯ ಕಾರಣ ಕೊಟ್ಟು ಪರಿಹಾರವನ್ನು ಅನುಪಾತದಲ್ಲಿ ಕಡಿತ ಮಾಡಬಹುದಲ್ಲವೇ? ಹಾಗಾಗಿ ಪಾಲಿಸಿ ನವೀಕರಣದ ದಿನಾಂಕದವರೆಗೆ ಕಾಯದೆ, ಅದರ ಉಳಿದ ಅವಧಿಗೇ ಎಂಡಾರ್ಸ್‌ಮೆಂಟ್ ನೀಡಿ. ಹೆಚ್ಚುವರಿ ಪ್ರೀಮಿಯಂ ಎಷ್ಟೆಂದು ತಿಳಿಸಿದ ಕೂಡಲೇ ಕಟ್ಟುತ್ತೇನೆ.

ಒಂದು ಅನುಮಾನ: ಗೋಡೆಗೇ ಬಿಗಿದು ಕೂರಿಸಿದ ವಾರ್ಡ್‌ರೋಬ್ ಮತ್ತು ಅಡುಗೆಮನೆಯ ಕಪಾಟುಗಳು ಕಟ್ಟಡದ ಲೆಕ್ಕಕ್ಕೋ, ಸಾಮಾನಿನ ಲೆಕ್ಕಕ್ಕೋ? ಮೇಲಿನ ಮೊತ್ತದಲ್ಲಿ ಅವು ಸೇರಿಲ್ಲ. ಉತ್ತರವನ್ನು ದಯವಿಟ್ಟು ಬರಹದಲ್ಲೇ ಕೊಡಿ, ಫೋನಿನಲ್ಲಿ ಬೇಡ.

ಬಿಲ್ಲುಗಳು, ಸೀರಿಯಲ್ ಸಂಖ್ಯೆ ಕಾಣುವಂತೆ ತೆಗೆದ ಫೋಟೊಗಳು ಮತ್ತು ಪಾಲಿಸಿಯ ಪ್ರತಿ ಲಗತ್ತಿಸಿದೆ. ಡಿಶ್‌ವಾಶರ್‌ನ ಸಂಖ್ಯೆ ಬಾಗಿಲಿನ ಒಳಅಂಚಿನಲ್ಲಿರುವುದರಿಂದ ಫೋಟೊ ಸ್ವಲ್ಪ ಮಸುಕಾಗಿದೆ. ಪರಿಶೀಲನೆಗೆ ಬರುವುದಾದರೆ ಶನಿವಾರ ಅನುಕೂಲ.

ಇಂತಿ,
ತಮ್ಮ ವಿಶ್ವಾಸಿ,
ಪಾಲಿಸಿದಾರಳು